ಪುಟದ ಒಂದು ವರ್ಷದ ಲೆಕ್ಕ: ಎರಡನೆಯ ಹಂತ

ವೀರಗಲ್ಲು, ಮಾಸ್ತಿಕಲ್ಲು ಮತ್ತು ಶಾಸನಗಳ ಕುರಿತ ನಮ್ಮ ಫೇಸ್‌ಬುಕ್ ಪುಟದಲ್ಲಿ ಕಳೆದ ಒಂದು ವರ್ಷದಲ್ಲಿ ಪ್ರಕಟವಾದ ಸುಮಾರು 150 ಪೋಸ್ಟ್‌ಗಳ ವರ್ಗೀಕರಣ ಈ ವಾರಕ್ಕೆ ಮುಗಿದಿದೆ. ಯಾವ ವಿಷಯ, ಯಾವ ರೂಪ, ಯಾವ ಧಾಟಿಯ ಪೋಸ್ಟ್‌ಗೆ ಓದುಗರಿಂದ ನಿಜವಾದ ಪ್ರತಿಕ್ರಿಯೆ ಬರುತ್ತದೆಂದು ತಿಳಿಯುವುದು ಇದರ ಉದ್ದೇಶ. ಮೆಟಾ ಬಿಸಿನೆಸ್ ಸೂಟ್‌ನಿಂದ ಇಳಿಸಿಕೊಂಡ ಕಡತದಲ್ಲಿ ಪ್ರತಿ ಪೋಸ್ಟ್‌ಗೆ ಬಂದ ಕಾಮೆಂಟ್‌ಗಳ ಸಂಖ್ಯೆ ಸಿಗುತ್ತದೆಯೇ ಹೊರತು ಅವುಗಳಲ್ಲಿ ಏನಿದೆಯೆಂಬುದು ತಿಳಿಯುವುದಿಲ್ಲವಾದ್ದರಿಂದ, ಪೋಸ್ಟ್‌ಗಳನ್ನು ಒಂದೊಂದಾಗಿ ತೆರೆದು ಓದಬೇಕಾಯಿತು. ಆ ಕಡತವನ್ನು ಎಕ್ಸೆಲ್‌ನಲ್ಲಿ ನೇರವಾಗಿ ತೆರೆದರೆ ಕನ್ನಡ ಅಕ್ಷರಗಳು ಕೆಡುವ ಸಾಧ್ಯತೆ ಇದೆ. ಎಕ್ಸೆಲ್ 15 ಅಂಕೆಗಳಿಗಿಂತ ಉದ್ದದ ಸಂಖ್ಯೆಯನ್ನು ಪೂರ್ತಿಯಾಗಿ ಉಳಿಸಿಕೊಳ್ಳದ ಕಾರಣ ಪೋಸ್ಟ್‌ಗಳ ಗುರುತಿನ ಸಂಖ್ಯೆಯ ಕೊನೆಯ ಅಂಕೆಗಳೂ ಸೊನ್ನೆಯಾಗಿಬಿಡುತ್ತವೆ. UTF-8 ಆಯ್ದುಕೊಂಡು, ಆ ಕಾಲಮನ್ನು ಪಠ್ಯವೆಂದು ಗುರುತಿಸಿ ಆಮದು ಮಾಡಿಕೊಂಡರೆ ಎರಡೂ ತೊಂದರೆಗಳು ತಪ್ಪುತ್ತವೆ.

ಹೆಚ್ಚಿನ ಸಮಯ ಹಿಡಿದದ್ದು ‘ನಿಜವಾದ ಪ್ರತಿಕ್ರಿಯೆ’ ಯಾವುದೆಂದು ನಿರ್ಧರಿಸುವ ಕೆಲಸ. ‘ಸೂಪರ್ ಸರ್’, ಕೈಮುಗಿದ ಚಿಹ್ನೆ, ಗೆಳೆಯರ ಹೆಸರನ್ನಷ್ಟೇ ಟ್ಯಾಗ್ ಮಾಡಿದ ಸಾಲು, ಪುಟದ ಪರವಾಗಿ ನಾವೇ ಕೊಟ್ಟ ಉತ್ತರ, ಇವೆಲ್ಲವನ್ನೂ ಕೈಬಿಟ್ಟೆವು. ಪೋಸ್ಟ್‌ನಲ್ಲಿಲ್ಲದ ಒಂದು ಸಂಗತಿಯನ್ನು ಸೇರಿಸಿದ, ತಿದ್ದಿದ, ಅಥವಾ ಆ ಪೋಸ್ಟ್‌ಗೆ ಮಾತ್ರ ಹೊಂದುವ ಪ್ರಶ್ನೆ ಕೇಳಿದ ಕಾಮೆಂಟ್ ಮಾತ್ರ ಲೆಕ್ಕಕ್ಕೆ ಬಂತು. ನಿಯಮ ಗಟ್ಟಿಯಾಗಿದೆಯೇ ಎಂದು ನೋಡಲು 100 ಕಾಮೆಂಟ್‌ಗಳನ್ನು ಗೆಳತಿಯೊಬ್ಬರು ನನ್ನ ಗುರುತುಗಳನ್ನು ನೋಡದೆಯೇ ವಿಂಗಡಿಸಿದರು. ನಾನು 20ನ್ನು ನಿಜವೆಂದಿದ್ದೆ, ಅವರು 22ನ್ನು. 86ರಲ್ಲಿ ನಮ್ಮ ತೀರ್ಮಾನ ಒಂದೇ ಆಗಿತ್ತು. ಕೇಳಲು ಚೆನ್ನಾಗಿದ್ದರೂ, ಬಹುಪಾಲು ಕಾಮೆಂಟ್‌ಗಳು ಹೇಗೂ ಕೈಬಿಡತಕ್ಕವೇ ಆಗಿರುವುದರಿಂದ ಇಬ್ಬರೂ ಇದೇ ಪ್ರಮಾಣದಲ್ಲಿ ಕಣ್ಣುಮುಚ್ಚಿ ಗುರುತು ಹಾಕಿದ್ದರೂ ಸುಮಾರು 67ರಲ್ಲಿ ಒಮ್ಮತ ಬರುತ್ತಿತ್ತು. ಆಕಸ್ಮಿಕ ಒಮ್ಮತವನ್ನು ಕಳೆದು ನೋಡುವ ಕೊಹೆನ್‌ನ ಕಪ್ಪಾ ಅಳತೆ ಇಲ್ಲಿ ಸುಮಾರು 0.58 ಮಾತ್ರ. ಭಿನ್ನಾಭಿಪ್ರಾಯದ ಕಾಮೆಂಟ್‌ಗಳನ್ನು ಕೂತು ಓದಿದಾಗ ಹೆಚ್ಚಿನವು ‘ನಮ್ಮೂರಲ್ಲೂ ಇದೆ’ ಎಂಬ ಬಗೆಯವು ಎಂದು ಕಂಡಿತು. ಊರಿನ ಹೆಸರೋ ಕಲ್ಲಿರುವ ಜಾಗವೋ ಇದ್ದರೆ ಮಾತ್ರ ಅದನ್ನು ಎಣಿಸುವುದೆಂದು ನಿಯಮಕ್ಕೆ ಸೇರಿಸಿದೆವು.

ಎಣಿಕೆಯ ಘಟಕ ಕಾಮೆಂಟ್ ಅಲ್ಲ, ವ್ಯಕ್ತಿ. ಇಬ್ಬರು ವಾದಕ್ಕಿಳಿದು ಮೂವತ್ತು ಉತ್ತರ ಬರೆದರೂ ಅದು ಎರಡೇ. ಯಾವ ಪೋಸ್ಟ್‌ಗೂ ತಪ್ಪದೆ ಬರೆಯುವ ಕಾಯಂ ಓದುಗರನ್ನು ಪ್ರತ್ಯೇಕ ಕಾಲಮಿನಲ್ಲಿಟ್ಟೆವು. ಅವರನ್ನು ತೆಗೆದ ಕೂಡಲೇ ಉದ್ದನೆಯ ಶಾಸನಪಾಠಗಳಿಗಿದ್ದ ಮೇಲುಗೈ ಕರಗಿಹೋಯಿತು. ಪೋಸ್ಟ್ ಎಷ್ಟು ಜನರನ್ನು ತಲುಪಿತೆಂಬ ರೀಚ್ ಸಂಖ್ಯೆಯಿಂದ ಭಾಗಿಸುವ ರೂಢಿಯನ್ನು ನಾನು ಅನುಸರಿಸಿಲ್ಲ. ಹೆಚ್ಚು ಕಾಮೆಂಟ್ ಬಂದ ಪೋಸ್ಟನ್ನು ಫೇಸ್‌ಬುಕ್ ಹೆಚ್ಚು ಜನರಿಗೆ ತೋರಿಸಬಲ್ಲದಾದ್ದರಿಂದ, ಭಾಜಕವೇ ಭಾಜ್ಯವನ್ನು ಅವಲಂಬಿಸಿಬಿಡುತ್ತದೆ. ಒಂದೆರಡು ಪೋಸ್ಟ್‌ಗಳು ಬೇರೆ ಕಡೆ ಹಂಚಿಕೆಯಾಗಿ ವಿಪರೀತ ಹಬ್ಬಿದ್ದರಿಂದ ಸರಾಸರಿಯ ಬದಲು ಮಧ್ಯಾಂಕವನ್ನು ಬಳಸಿದ್ದೇನೆ.

ಮುಖ್ಯ ತೊಡಕು ಇದರ ನಂತರದ್ದು. ವಿಷಯ ಐದು, ರೂಪ ನಾಲ್ಕು, ಧಾಟಿ ಮೂರು ಎಂದರೆ ಕೋಷ್ಟಕದಲ್ಲಿ 60 ಮನೆಗಳಾಗುತ್ತವೆ. 150 ಪೋಸ್ಟ್‌ಗಳನ್ನು ಹಂಚಿದರೆ ಒಂದೊಂದಕ್ಕೆ ಎರಡು ಮೂರು ಬೀಳುತ್ತವೆ, ಹಲವು ಖಾಲಿಯೇ ಉಳಿಯುತ್ತವೆ. ಜೊತೆಗೆ, ಮಾಸ್ತಿಕಲ್ಲುಗಳನ್ನು ನಾವು ಬಹುಮಟ್ಟಿಗೆ ಒಂಟಿ ಚಿತ್ರವಾಗಿಯೂ ಶಾಸನಗಳನ್ನು ಉದ್ದನೆಯ ಪಠ್ಯವಾಗಿಯೂ ಹಾಕಿದ್ದೆವಾದ್ದರಿಂದ, ಗೆದ್ದದ್ದು ಕಲ್ಲೋ ಚಿತ್ರವೋ ಎಂದು ಒಟ್ಟು ಮೊತ್ತದಿಂದ ಹೇಳಲಾಗದು. ಹಾಗಾಗಿ ಎರಡು ಅಂಶಗಳು ಒಂದೇ ಆಗಿದ್ದು ಮೂರನೆಯದು ಮಾತ್ರ ಬೇರೆಯಿರುವ ಜೋಡಿಗಳನ್ನು ಹುಡುಕಿದೆ.

ಅಂಥ ಒಂದು ಜೋಡಿ: ಎರಡೂ ಮಾಸ್ತಿಕಲ್ಲಿನ ಒಂಟಿ ಚಿತ್ರಗಳು, ಎರಡರಲ್ಲೂ ಬಳೆ ತೊಟ್ಟು ಮೇಲೆತ್ತಿದ ಕೈ ಸ್ಪಷ್ಟವಾಗಿ ಕಾಣುತ್ತದೆ. ಮೊದಲನೆಯದರ ಬರಹ ಕಲ್ಲು ಪಾಳುಬಿದ್ದಿರುವುದರ ಕುರಿತ ಅಳಲು. ಅದಕ್ಕೆ ಕಾಮೆಂಟ್‌ಗಳ ಸುರಿಮಳೆಯೇ ಆದರೂ ಬಹುಪಾಲು ‘ಸರ್ಕಾರ ಏನು ಮಾಡುತ್ತಿದೆ’ ಎಂಬವು. ಹೆಸರು ಅಳಿಸಿ ಯಾವ ಕೆರೆಯ, ಯಾವ ಗುಡಿಯ ಪೋಸ್ಟಿನ ಕೆಳಗಿಟ್ಟರೂ ಅವು ಸಲ್ಲುತ್ತವೆ. ಎರಡನೆಯದರಲ್ಲಿ ‘ನಿಮ್ಮ ಊರಿನ ಇಂಥ ಕಲ್ಲಿಗೆ ಯಾವ ದಿನ, ಯಾರು ಪೂಜೆ ಮಾಡುತ್ತಾರೆ?’ ಎಂದಷ್ಟೇ ಕೇಳಲಾಗಿತ್ತು. ಕಾಮೆಂಟ್‌ಗಳ ಮೊತ್ತ ಮೊದಲನೆಯದರ ಅರ್ಧದಷ್ಟೂ ಇರಲಿಲ್ಲ. ಆದರೆ ಹಬ್ಬದ ಹೆಸರು, ಅರಿಶಿನ ಹಚ್ಚುವ ಮನೆತನ, ರಸ್ತೆ ಅಗಲವಾದಾಗ ಕಲ್ಲನ್ನು ಎಲ್ಲಿಗೆ ಸರಿಸಿದರೆಂಬ ವಿವರಗಳು ಬಂದವು, ಅದೂ ಹಿಂದೆಂದೂ ಬರೆಯದವರಿಂದ. ಸಿಕ್ಕ ಬೇರೆ ಜೋಡಿಗಳೂ ಹೆಚ್ಚುಕಡಿಮೆ ಇದೇ ದಿಕ್ಕಿನಲ್ಲಿವೆ.

‘ಪ್ರಶ್ನೆ’ ಎಂಬ ಒಂದೇ ಗುರುತು ಮಾತ್ರ ಸಾಲುತ್ತಿಲ್ಲ. ‘ಇಷ್ಟವಾದರೆ ಕಾಮೆಂಟ್ ಮಾಡಿ’ ಎಂಬುದನ್ನೂ ಅದರಡಿ ಸೇರಿಸಿದ್ದೆವು. ಅಂಥ ಕೋರಿಕೆಯ ಪೋಸ್ಟ್‌ಗಳನ್ನು ಕೆಳಗಿಳಿಸುವುದಾಗಿ ಫೇಸ್‌ಬುಕ್ 2017ರ ಡಿಸೆಂಬರ್‌ನಲ್ಲೇ ಪ್ರಕಟಿಸಿತ್ತು. ಈಗ ಅವನ್ನು ಬೇರ್ಪಡಿಸಿ, ಊರಿನವರಷ್ಟೇ ಉತ್ತರಿಸಬಲ್ಲ ಪ್ರಶ್ನೆಗಳನ್ನು ಪ್ರತ್ಯೇಕ ಧಾಟಿಯಾಗಿ ಮತ್ತೆ ಗುರುತಿಸುತ್ತಿದ್ದೇವೆ. ವೀಡಿಯೊಗಳು ತೀರ ಕಡಿಮೆಯಿರುವುದರಿಂದ ಅವುಗಳ ಸಾಲನ್ನು ಖಾಲಿ ಬಿಡಲಾಗಿದೆ. ಮುಂದಿನ ಮೂರು ತಿಂಗಳು ವೀರಗಲ್ಲಿನ ಒಂಟಿ ಚಿತ್ರಗಳನ್ನು ಪ್ರತಿ ವಾರ ಅದೇ ದಿನ, ಅದೇ ವೇಳೆಗೆ ಹಾಕುತ್ತ, ವಿವರಣೆ ಮತ್ತು ಪ್ರಶ್ನೆಯ ಧಾಟಿಗಳನ್ನು ಸರದಿಯಂತೆ ಬದಲಿಸುವುದೆಂದು ಗೊತ್ತುಮಾಡಿದ್ದೇವೆ. ಯಾವ ವಾರ ಯಾವುದೆಂಬ ಪಟ್ಟಿ ಈಗಲೇ ಸಿದ್ಧವಾಗಿದೆ.