ನಗು ನಿಜವೇ, ತಾರೀಖು ಬೇರೆ

"ವಿಡಿಯೋದಲ್ಲಿ ಅಷ್ಟೊಂದು ನಗ್ತಾ ಇರ್ತೀರಲ್ಲ, ನಿಜವಾಗ್ಲೂ ಹಾಗೇನಾ, ಇಲ್ಲಾ ಎಲ್ಲಾ ನಾಟಕನಾ?"

ನಾಟಕ ಅಲ್ಲ. ಆದರೆ ಹೀಗಂದರೆ ಯಾರೂ ಬಿಡುವುದಿಲ್ಲ. "ಒಳಗೊಳಗೇ ತುಂಬಾ ನೋವಿದೆ" ಅಂತ ನನ್ನ ಬಾಯಿಂದ ಕೇಳಿದರೆ ಮಾತ್ರ ಅವರಿಗೆ ಒಂಥರಾ ಸಮಾಧಾನ.

ನನ್ನ ಚಿಕ್ಕಮ್ಮ ತೀರಿಕೊಂಡ ದಿನ ಎಲ್ಲ ಮುಗಿಸಿ ಹೊರಗೆ ನಿಂತಿದ್ದೆ. ದೂರದ ನೆಂಟರೊಬ್ಬರು ಬಂದು ಫೋನ್ ಮುಂದೆ ಹಿಡಿದರು. ಅದರಲ್ಲಿ ನಾನು ಹಳದಿ ಅಂಗಿ ಹಾಕಿಕೊಂಡು ಬಿದ್ದು ಬಿದ್ದು ನಗುತ್ತಿದ್ದೆ. ಕೆಳಗೆ "ಎರಡು ಗಂಟೆ ಹಿಂದೆ" ಅಂತಿತ್ತು. "ಇವತ್ತೂ ಹಾಕಬೇಕಿತ್ತಾ?" ಅಂದರು.

ಮನಸ್ಸು ಚೆನ್ನಾಗಿರುವ ಒಂದು ಮಧ್ಯಾಹ್ನ ನೋಡಿಕೊಂಡು ನಾಲ್ಕೈದು ವಿಡಿಯೋ ಒಟ್ಟಿಗೆ ತೆಗೆಯುತ್ತೇನೆ. ಒಂದೊಂದಕ್ಕೂ ಅಂಗಿ ಬದಲಿಸುತ್ತೇನೆ, ಬೇರೆ ಬೇರೆ ದಿನ ಅನ್ನಿಸಲಿ ಅಂತ. ಆಮೇಲೆ ಶೆಡ್ಯೂಲ್ ಮಾಡಿಡುತ್ತೇನೆ. ಪರದೆ ತೋರಿಸುವುದು ವಿಡಿಯೋ ಹೊರಬಿದ್ದ ಹೊತ್ತನ್ನು, ನಾನು ನಕ್ಕ ಹೊತ್ತನ್ನಲ್ಲ. ಹಳದಿ ಅಂಗಿಯ ನಗು ಅಪ್ಪಟ ನಗು. ಆಗ ಚಿಕ್ಕಮ್ಮ ಆರಾಮಾಗಿದ್ದರು. ಇಷ್ಟನ್ನು ಅಲ್ಲಿ ನಿಂತು ವಿವರಿಸೋಕಾಗುತ್ತಾ? ಸುಮ್ನೆ ತಲೆಯಾಡಿಸಿದೆ.

ಹಾಗಂತ ಎಲ್ಲೂ ಸುಳ್ಳಿಲ್ಲ ಅನ್ನಲಾರೆ. ಅದು ಇರುವುದು ಕಾಮೆಂಟುಗಳಲ್ಲಿ, ಅಲ್ಲಿ ಯಾರೂ ಹುಡುಕುವುದಿಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ ಗಗನಸಖಿಯರ ಕೆಲಸ ನೋಡಿ 1983ರಲ್ಲೇ ಬರೆದಿದ್ದರು: ಬರೀ ಮುಖದ ಮೇಲೆ ನಗು ತಂದುಕೊಳ್ಳುವುದು ಒಂದು, ಒಳಗಿನ ಖುಷಿಯನ್ನೇ ಎಬ್ಬಿಸಿಕೊಂಡು ನಗುವುದು ಇನ್ನೊಂದು. ಕ್ಯಾಮೆರಾ ಮುಂದೆ ನಾನು ಮಾಡುವುದು ಎರಡನೆಯದು. ಶುರು ಮಾಡುವ ಮೊದಲು ಯಾವುದಾದರೂ ಹಳೇ ತಮಾಷೆ ನೆನಪಿಸಿಕೊಳ್ಳುತ್ತೇನೆ, ನಗು ತಾನೇ ಬರುತ್ತದೆ. ಆದರೆ ಕಾಮೆಂಟಿಗೆ ಉತ್ತರವನ್ನು ಮೊದಲೇ ಬರೆದಿಡೋಕಾಗಲ್ಲ. ಮೊದಲ ಒಂದು ಗಂಟೆಯಲ್ಲಿ ಉತ್ತರ ಕೊಟ್ಟರೆ ವಿಡಿಯೋ ಜಾಸ್ತಿ ಜನಕ್ಕೆ ಹೋಗುತ್ತದೆ ಅನ್ನುವ ನಂಬಿಕೆ ಬೇರೆ ನಮ್ಮಂಥವರಲ್ಲಿದೆ. ಹಾಗಾಗಿ ಮನಸ್ಸು ಹೇಗೇ ಇರಲಿ, ಆ ಗಂಟೆ ಬೆರಳು ನಗಲೇಬೇಕು. ನಿಜವಾಗಿ ಸುಸ್ತು ಮಾಡುವುದು ಅದೇ.

"ಕಾಮೆಂಟಿಗೆ ಉತ್ತರ ಬರೆಯುವಾಗ ನಿಮ್ಮ ಮುಖ ಹೇಗಿರುತ್ತೆ?" ಅಂತ ಯಾರಾದರೂ ಕೇಳಬಾರದಾ? ಕರೆಂಟ್ ಬಿಲ್ ನೋಡುವವರ ಮುಖ. ಗುರುತು ಹಿಡಿಯುವುದೂ ಕಷ್ಟವಲ್ಲ. ಒಳ್ಳೇ ದಿನ ನಾನು ಎದುರಿನವರ ಮಾತು ಹಿಡಿದು ಕಾಲೆಳೆಯುತ್ತೇನೆ. ಕೆಟ್ಟ ದಿನ ಎಲ್ಲರಿಗೂ ಒಂದೇ ಉತ್ತರ: "ಥ್ಯಾಂಕ್ಯೂ", ಪಕ್ಕದಲ್ಲಿ ಮೂರು ನಗುವ ಎಮೋಜಿ. ಕಾಪಿ, ಪೇಸ್ಟ್.

ಇದನ್ನು ಕಂಡುಹಿಡಿದವಳು ಒಬ್ಬಳೇ ಗೆಳತಿ. ಆ ಎಮೋಜಿಗಳ ಸಾಲು ಕಂಡ ತಕ್ಷಣ ಫೋನ್ ಮಾಡುತ್ತಾಳೆ. ಏನಾಯ್ತು, ಯಾಕಾಯ್ತು ಅಂತೇನೂ ಕೇಳುವುದಿಲ್ಲ. "ಪಾಸ್‌ವರ್ಡ್ ಕೊಡು, ಉಳಿದ ಉತ್ತರ ನಾನು ಹಾಕ್ತೀನಿ" ಅನ್ನುತ್ತಾಳೆ. ಕೊಡುತ್ತೇನೆ. ನನಗಿಂತ ಚೆನ್ನಾಗಿ ಬರೆಯುತ್ತಾಳೆ ಮಾರಾಯ್ತಿ.