ಒಂಬತ್ತು ಹನ್ನೆರಡು

ಮಡಿಕೇರಿ, 24 ಜುಲೈ 2025, ಗುರುವಾರ

ಚರ್ಮದ ವೈದ್ಯರು ಮೈಸೂರಿನಿಂದ ನಮ್ಮ ಚಿಕಿತ್ಸಾಲಯಕ್ಕೆ ಬರುವುದು ಗುರುವಾರ ಮಾತ್ರ. ಹೀಗಾಗಿ ಯಾರಾದರೂ ಸಮಯ ರದ್ದುಪಡಿಸಿದರೆ ಆ ಜಾಗ ವ್ಯರ್ಥವಾಗದಂತೆ ಕಾಯುವವರ ಪಟ್ಟಿಯೊಂದನ್ನು ಇಟ್ಟಿದ್ದೇವೆ. ಪಟ್ಟಿಯ ಮೊದಲಿನವರ ಮೊಬೈಲಿಗೆ ಸಂದೇಶ ಹೋಗುತ್ತದೆ. ಅವರು ಅರ್ಧ ಗಂಟೆಯೊಳಗೆ ಮಿಸ್ಡ್ ಕಾಲ್ ಕೊಡದಿದ್ದರೆ ಎರಡನೆಯವರಿಗೆ ಹೋಗುತ್ತದೆ. ಕಂಪನಿಯ ಹೆಸರಿನಿಂದ ಬರುವ ಸಂದೇಶಕ್ಕೆ ಮರುಉತ್ತರ ಕಳಿಸಲು ಆಗುವುದಿಲ್ಲವಾದ್ದರಿಂದ ಮಿಸ್ಡ್ ಕಾಲ್ ಏರ್ಪಾಡು.

ಇಂದು ಬೆಳಿಗ್ಗೆ 8:40ಕ್ಕೆ ಕುಶಾಲನಗರದವರೊಬ್ಬರು ತಮ್ಮ 11:30ರ ಸಮಯವನ್ನು ರದ್ದುಪಡಿಸಿದರು. 8:42ಕ್ಕೆ ಭಾಗಮಂಡಲದ ಕಡೆಯ ಹಿರಿಯರೊಬ್ಬರಿಗೆ ಸಂದೇಶ ಹೋಯಿತು. ಅವರಿಗೆ ಆಗಸ್ಟ್ 14ರ ಸಮಯ ಮೊದಲೇ ನಿಗದಿಯಾಗಿತ್ತು. 9:12ರವರೆಗೆ ಕರೆ ಬರಲಿಲ್ಲ. ಸಂದೇಶ ಮುಂದಿನವರಿಗೆ ಹೋಗಿ, ಪಟ್ಟಣದಲ್ಲೇ ಇರುವ ಶಿಕ್ಷಕಿಯೊಬ್ಬರು 9:15ಕ್ಕೆ ಒಪ್ಪಿದರು. ಅಲ್ಲಿಗೆ ಕೆಲಸ ಮುಗಿಯಿತೆಂದು ನಾನು ನೋಂದಣಿ ಪುಸ್ತಕ ಮುಚ್ಚಿದೆ.

11:20ಕ್ಕೆ ಆ ಹಿರಿಯರು ಬಂದೇಬಿಟ್ಟರು. ಕೊಡೆಯನ್ನು ಬಾಗಿಲ ಮೂಲೆಗೆ ಒರಗಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ್ದ ಮೊಬೈಲನ್ನು ಬಿಚ್ಚಿ ಮೇಜಿನ ಮೇಲಿಟ್ಟು, "ನೋಡು ಮಗ, ಮೂವತ್ತು ನಿಮಿಷದೊಳಗೆ ಅಂತ ಇದೆ. ನಾನು ಐದೇ ನಿಮಿಷಕ್ಕೆ ರಿಂಗ್ ಕೊಟ್ಟೆ. ಕಟ್ ಆಯಿತು. ಬಸ್ ಹತ್ತಿದೆ" ಎಂದರು.

ಅವರು ಹೇಳಿದ್ದು ಅಕ್ಷರಶಃ ಸತ್ಯ. ಕಳುಹಿಸಿದ ಸಂದೇಶಗಳ ವರದಿಯನ್ನು ತೆರೆದು ನೋಡಿದಾಗ, ಹೊರಟದ್ದು 8:42, ತಲುಪಿದ್ದು 9:20 ಎಂದಿತ್ತು. ಅವರ ಊರಿನಲ್ಲಿ ರಾತ್ರಿಯಿಂದ ಕರೆಂಟಿಲ್ಲ, ಟವರಿನ ಬ್ಯಾಟರಿಯೂ ಮುಗಿದಿತ್ತಂತೆ. ಕಕ್ಕಡ ತಿಂಗಳ ಮಳೆಯಲ್ಲಿ ಇದೇನೂ ಹೊಸತಲ್ಲ. ಟವರ್ ಮರಳಿ ಬಂದಾಗ ಸಂದೇಶವೂ ಬಂದಿದೆ, ಅದರೊಳಗಿನ "30 ನಿಮಿಷ" ಆಗಲೇ ಸತ್ತಿದ್ದರೂ ಓದಿದವರಿಗೆ ಹೊಚ್ಚಹೊಸತಾಗಿಯೇ ಕಂಡಿದೆ. 9:25ರ ಅವರ ಕರೆಯನ್ನು ಯಂತ್ರ ಒಂದೇ ರಿಂಗಿಗೆ ಕತ್ತರಿಸಿದೆ. ಸಮಯ ಸಿಕ್ಕಾಗಲೂ ಅದು ಹಾಗೆಯೇ ಕತ್ತರಿಸುತ್ತದೆ, ಸಿಗದಿದ್ದಾಗಲೂ ಹಾಗೆಯೇ ಕತ್ತರಿಸುತ್ತದೆ. ಸಿಕ್ಕವರಿಗೆ ಮಾತ್ರ ಖಚಿತಪಡಿಸುವ ಸಂದೇಶ ಹೋಗುತ್ತದೆ, ತಪ್ಪಿದವರಿಗೆ ಏನೂ ಹೋಗುವುದಿಲ್ಲ. ಮೌನವನ್ನು ಒಪ್ಪಿಗೆಯೆಂದು ಅವರು ತಿಳಿದದ್ದರಲ್ಲಿ ಅವರ ತಪ್ಪೇನಿದೆ?

ಆಮೇಲೆ ಅವರು ಕೇಳಿದ ಪ್ರಶ್ನೆ ನನ್ನನ್ನು ಹೆಚ್ಚು ಕಾಡಿತು: "ಹಾಗಾದರೆ ನನ್ನ ಹದಿನಾಲ್ಕನೇ ತಾರೀಕೂ ಹೋಯಿತಾ?" ಹೋಗಿರಲಿಲ್ಲ. ಆದರೆ ಅದು ಉಳಿಯುತ್ತದೆಂದು ನಮ್ಮ ಸಂದೇಶದಲ್ಲಿ ಎಲ್ಲಿಯೂ ಬರೆದಿರಲಿಲ್ಲ. ಆ ಭಯಕ್ಕೇ ಎಷ್ಟು ಜನ ಬೇಡದ ಸಮಯವನ್ನೂ ಒಪ್ಪಿಕೊಂಡು ಮಳೆಯಲ್ಲಿ ಬಂದಿದ್ದಾರೋ.

ವೈದ್ಯರು ಕೊನೆಯ ರೋಗಿಯ ನಂತರ, 1:40ಕ್ಕೆ, ಅವರನ್ನು ನೋಡಿದರು. ಮಧ್ಯಾಹ್ನ ನಾನು ಸಂದೇಶವನ್ನು ಹೀಗೆ ತಿದ್ದಿ ಬರೆದೆ:

"24-07 ಬೆಳಿಗ್ಗೆ 11:30ರ ಸಮಯ ಖಾಲಿಯಾಗಿದೆ. ಬೇಕಿದ್ದರೆ 9:12ರೊಳಗೆ ಕೆಳಗಿನ ಸಂಖ್ಯೆಗೆ ಮಿಸ್ಡ್ ಕಾಲ್ ಕೊಡಿ. ಖಚಿತವಾಯಿತೆಂಬ ಸಂದೇಶ ಬಂದ ಮೇಲೆ ಮಾತ್ರ ಹೊರಡಿ. ಬೇಡವಾದರೆ 14-08ರ ನಿಮ್ಮ ಸಮಯ ಹಾಗೆಯೇ ಇರುತ್ತದೆ."

ಗಡಿಯಾರದ ಸಮಯವನ್ನು ಬರೆದರೆ ಸಂದೇಶ ಎಷ್ಟು ತಡವಾಗಿ ಬಂದರೂ ಓದಿದವರಿಗೆ ಗಡುವು ಮುಗಿದದ್ದು ಗೊತ್ತಾಗುತ್ತದೆ. ಅದಕ್ಕಿಂತ ಒಳ್ಳೆಯದೆಂದರೆ, ಗಡುವಿನೊಳಗೆ ತಲುಪದ ಸಂದೇಶವನ್ನು ತಲುಪಿಸುವುದೇ ಬೇಡವೆಂದು ಕಳುಹಿಸುವಾಗಲೇ ಅವಧಿ ನಮೂದಿಸುವುದು. ಸಂದೇಶ ಸೇವೆಯಲ್ಲಿ ಆ ಅವಕಾಶವಿದೆ, ನಾವು ಅದನ್ನು ಮುಟ್ಟಿಯೇ ಇರಲಿಲ್ಲ. ತಡವಾಗಿ ಕರೆ ಮಾಡಿದವರಿಗೆ "ಈ ಸಮಯ ಬೇರೆಯವರಿಗೆ ಹೋಗಿದೆ, ಹೊರಡಬೇಡಿ" ಎಂಬ ಪ್ರತ್ಯೇಕ ಸಂದೇಶವೂ ಹೋಗಬೇಕು.

ಖರ್ಚಿನ ಮಾತೂ ಬಂತು. ಇಂಗ್ಲಿಷಿನಲ್ಲಿ ಒಂದು ಸಂದೇಶಕ್ಕೆ 160 ಅಕ್ಷರ ಹಿಡಿಸಿದರೆ ಕನ್ನಡದಲ್ಲಿ ಹಿಡಿಸುವುದು 70 ಮಾತ್ರ. ಅದಕ್ಕಿಂತ ಉದ್ದವಾದರೆ 67ರಂತೆ ತುಂಡಾಗಿ ಪ್ರತಿ ತುಂಡಿಗೂ ಹಣ. ಒತ್ತು, ಗುಣಿತ ಎಲ್ಲವೂ ಬೇರೆ ಬೇರೆ ಲೆಕ್ಕ: "ಸ್ವೀಕರಿಸಿ" ಎಂಬಲ್ಲಿ ಕಣ್ಣಿಗೆ ಒಂದೇ ಅಕ್ಷರವಾಗಿ ಕಾಣುವ "ಸ್ವೀ" ನಾಲ್ಕನ್ನು ತಿನ್ನುತ್ತದೆ. ಬೆರಳಿನಲ್ಲಿ ಎಣಿಸಿ ನೋಡಿದೆ, ನನ್ನ ಸಂದೇಶ ಮೂರು ತುಂಡು. ವ್ಯವಸ್ಥಾಪಕರು ಕೊನೆಯ ವಾಕ್ಯವನ್ನು ತೆಗೆಯಲು ಹೇಳಿದರು. ಮೂರು ತುಂಡಾದರೂ ಆಗಲಿ, 14ನೇ ತಾರೀಕಿನ ವಾಕ್ಯ ಇರಲಿ ಎಂದು ನಾನು ಹಟ ಹಿಡಿದೆ.

ಒಪ್ಪಿದರು. ಆದರೆ ಸಂದೇಶದ ಮಾದರಿಯನ್ನು ದೂರಸಂಪರ್ಕ ಕಂಪನಿಯಲ್ಲಿ ಮೊದಲು ನೋಂದಾಯಿಸಿ ಒಪ್ಪಿಗೆ ಪಡೆಯಬೇಕು. ದಿನಾಂಕ, ಸಮಯಗಳಂತೆ ಬದಲಾಗುವ ಜಾಗಗಳನ್ನು ಬಿಟ್ಟು ಒಂದು ಪದ ವ್ಯತ್ಯಾಸವಾದರೂ ಅದು ಮುಂದೆ ಹೋಗುವುದಿಲ್ಲ. ಅರ್ಜಿ ಕಳುಹಿಸಿದ್ದೇನೆ. ಅಲ್ಲಿಯವರೆಗೆ ಭಾಗಮಂಡಲ, ನಾಪೋಕ್ಲು ಕಡೆಯವರಿಗೆ ಸಂದೇಶದ ಜೊತೆಗೆ ನಾನೇ ಫೋನ್ ಮಾಡುವುದೆಂದು ನೋಂದಣಿ ಪುಸ್ತಕದ ಒಳಹಾಳೆಯಲ್ಲಿ ಕೆಂಪು ಶಾಯಿಯಿಂದ ಬರೆದಿಟ್ಟಿದ್ದೇನೆ.