‘ಬೆಲೆ ಜಾಸ್ತಿ’ ಸ್ಲೈಡಿನ ಒಳಗೆ ಏನಿತ್ತು

ನಾನು ರಾಯಚೂರಿನಲ್ಲೇ ಕೂತು ಬೆಂಗಳೂರಿನ ಒಂದು ಕಂಪನಿಗೆ ಕೆಲಸ ಮಾಡೋದು. ಕಳೆದ ತಿಂಗಳು ಒಂದು ಡೆಕ್, ಅಂದ್ರೆ ಸ್ಲೈಡುಗಳ ಒಂದು ಫೈಲ್ ಬಂತು. ಸಿಂಧನೂರು, ಮಾನ್ವಿ ಕಡೆಯ ಭತ್ತದ ರೈತರು ಗೊಬ್ಬರ, ಔಷಧಿ ತರಿಸಿಕೊಳ್ಳುವ ಆ್ಯಪ್ ಬಗ್ಗೆ ಏನಂದರು ಅನ್ನೋ ಸಂಶೋಧನೆ. ಅದರಲ್ಲಿರುವ ರೈತರ ಮಾತುಗಳನ್ನು ಹೆಕ್ಕಿ, ವಿಷಯವಾರು ಗುಂಪು ಮಾಡಿ ಕೊಡಬೇಕಿತ್ತು.

ಒಂದು ಮಾತಿಗೆ ಒಂದು ಸಾಲು ಅಂತ ಶೀಟ್ ಮಾಡಿಕೊಂಡೆ. ಮಾತು, ಸ್ಲೈಡ್ ನಂಬರ್, ಹೇಳಿದವರ ಕೋಡ್, ಅಷ್ಟೇ. ಸ್ಲೈಡಿನ ಹೆಡ್ಡಿಂಗನ್ನು ಕೊನೆಯ ಕಾಲಮ್ಮಿಗೆ ಹಾಕಿ ಮುಚ್ಚಿಟ್ಟೆ. ಯಾಕಂದ್ರೆ ಹೆಡ್ಡಿಂಗ್ ಅನ್ನೋದು ಡೆಕ್ ಮಾಡಿದವರ ತೀರ್ಮಾನ, ರೈತರದ್ದಲ್ಲ. ಅದು ಕಣ್ಣ ಮುಂದೆ ಇದ್ದರೆ ನಾವೂ ಅದೇ ಗುಂಪು ಮಾಡ್ತೀವಿ. ಆಮೇಲೆ ‘ರೈತರಲ್ಲಿ ವಿಶ್ವಾಸದ ಕೊರತೆ ಇದೆ’ ಅಂತ ಕೋಟ್ ಚಿಹ್ನೆ ಹಾಕಿದ ಒಂದು ಸಾಲಿತ್ತು, ಕೋಡ್ ಇರಲಿಲ್ಲ. ಹಾಗೆ ಯಾವ ರೈತ ಮಾತಾಡ್ತಾನೆ ಹೇಳಿ? ಅದನ್ನು ಪಕ್ಕಕ್ಕಿಟ್ಟೆ.

‘ಬೆಲೆ ಜಾಸ್ತಿ’ ಅನ್ನೋ ಸ್ಲೈಡಿನಲ್ಲಿ ಏಳು ಮಾತು. ಒಂದು, ಬೇರೆ ಸ್ಲೈಡಿನದೇ ಮತ್ತೆ ಬಂದಿತ್ತು. ಉಳಿದ ಆರರಲ್ಲಿ P4 ಅನ್ನೋರದು ಹೀಗಿತ್ತು: “...ರೊಕ್ಕ ಭಾಳ ಆಗ್ತೈತಿ...” ಎರಡೂ ಕಡೆ ಚುಕ್ಕಿ ಇದ್ದರೆ ಏನೋ ಕತ್ತರಿಸಿದ್ದಾರೆ ಅಂತಲೇ ಅರ್ಥ. ಸ್ಲೈಡಿನ ಕೆಳಗಿನ ನೋಟ್ಸ್ ತೆಗೆದು ನೋಡಿದೆ, ಅಲ್ಲಿ ಪೂರ್ತಿ ಇತ್ತು: “ಒಂದೇ ಸಲಕ್ಕ ಕಟ್ಟೋದಂದ್ರ ರೊಕ್ಕ ಭಾಳ ಆಗ್ತೈತಿ, ಅಂಗಡ್ಯಾಗ ಆದ್ರ ರಾಶಿ ಆದ ಮ್ಯಾಲೆ ಕೊಡ್ತೀವಿ.”

ಇದು ಬೆಲೆ ಮಾತೇ ಅಲ್ಲ, ಉದ್ರಿ ಮಾತು. ನಮ್ಮ ಕಡೆ ಗೊಬ್ಬರದ ಅಂಗಡಿ ಲೆಕ್ಕ ಹೇಗೆ ನಡೆಯುತ್ತೆ ಅಂತ ಗೊತ್ತಿದ್ದವರಿಗೆ ಓದಿದ ಕೂಡಲೇ ಹೊಳೆಯುತ್ತೆ. ಉಳಿದ ಐದನ್ನೂ ಹಾಗೇ ಓದಿದೆ. ‘ಅಂಗಡಿಗಿಂತ ತುಟ್ಟಿ’ ಅಂತ ನೇರವಾಗಿ ಅಂದಿದ್ದು ಎರಡೇ. ಒಂದು, ಗಾಡಿ ಬಾಡಿಗೆಯನ್ನು ಕೊನೆಗೆ ಸೇರಿಸಿ ತೋರಿಸ್ತಾರೆ ಅನ್ನೋ ಸಿಟ್ಟು. ಮಿಕ್ಕ ಎರಡೂ ಉದ್ರಿಯವೇ. ಅಂದ್ರೆ ಉದ್ರಿಗೆ ಮೂರು ಮಾತು, ಆದರೆ ಅದರಲ್ಲಿ ಎರಡು P4 ಅವರದೇ. ಹಾಗಾಗಿ ಶೀಟಿನಲ್ಲಿ ‘ಮೂರು ಮಾತು, ಇಬ್ಬರು’ ಅಂತ ಬರೆದೆ. ಮಾತು ಎಣಿಸಿದರೆ ಜಾಸ್ತಿ ಮಾತಾಡೋರ ಕಡೆಗೇ ತೂಕ ಬೀಳುತ್ತೆ, ತಲೆ ಎಣಿಸಬೇಕು.

ಗುಂಪಿಗೆ ‘ಹಣ’ ಅಂತ ಒಂದೇ ಪದದ ಹೆಸರು ಕೊಡಲಿಲ್ಲ. ಅದರೊಳಗೆ ಏನು ಬೇಕಾದ್ರೂ ತುರುಕಬಹುದು. ‘ರಾಶಿಗೆ ಮುಂಚೆ ಪೂರ್ತಿ ದುಡ್ಡು ಕಟ್ಟೋಕಾಗಲ್ಲ’ ಅಂತ ವಾಕ್ಯವನ್ನೇ ಹೆಸರಾಗಿ ಇಟ್ಟೆ. ಆಗ ಮಾತು ಆ ಗುಂಪಿಗೆ ಸೇರುತ್ತೋ ಇಲ್ಲವೋ ಅಂತ ಯಾರು ಬೇಕಾದ್ರೂ ಹೇಳಬಹುದು.

ಡೆಕ್ ಮಾಡಿದ ಮೇಡಂಗೆ ಫೋನ್ ಮಾಡಿ ಇದನ್ನು ಹೇಳಿದೆ. ಟೀಮಿನವರು ಆಗಲೇ ಡಿಸ್ಕೌಂಟ್ ಬಗ್ಗೆ ಮಾತಾಡ್ತಿದ್ರಂತೆ. “ಹಾಗಾದ್ರೆ ಶೇಕಡಾ ಎಷ್ಟು ಜನಕ್ಕೆ ಉದ್ರಿ ಬೇಕು ಅಂತ ಹಾಕಿ ಕೊಡ್ತೀರಾ?” ಅಂದರು. ಇಬ್ಬರ ಮಾತಿಗೆ ಶೇಕಡಾ ಹಾಕೋಕೆ ಬರಲ್ಲ ಮೇಡಂ, ಬೇಕಾದ್ರೆ ಆ ಇಬ್ಬರ ರೆಕಾರ್ಡಿಂಗ್ ಪೂರ್ತಿ ಕೇಳಿ ಅಂದೆ. ಕೇಳ್ತೀನಿ ಅಂದರು, ಡಿಸ್ಕೌಂಟ್ ಮೀಟಿಂಗನ್ನು ಮುಂದಿನ ವಾರಕ್ಕೆ ಹಾಕಿದರು.